ದಣಿವಿನ ಲೆಕ್ಕ

ತಾಲ್ಲೂಕು ಕೇಂದ್ರದಿಂದ ಹದಿನೈದು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ಈ ಅಧ್ಯಾಯದ ಉದ್ದಕ್ಕೂ ಅವರ ದಿನಚರಿಯೇ ನಮ್ಮ ಪ್ರಯೋಗಶಾಲೆ. ವ್ಯಕ್ತಿಯೂ ಅವರ ಅಂಕಿಗಳೂ ಲೆಕ್ಕ ಅರ್ಥವಾಗಲೆಂದು ನಾನು ಕಟ್ಟಿಕೊಂಡವು. ಅವರು ಮಾಡುವ ಕೆಲಸಗಳು ಮಾತ್ರ ನಮ್ಮ ಯಾವ ಶಾಲೆಯಲ್ಲಾದರೂ ಕಣ್ಣಿಗೆ ಬೀಳುವಂಥವು. ಹನ್ನೆರಡು ವರ್ಷ ಪಾಠ ಮಾಡಿದ ಮೇಲೆ ಅವರು ಮನೆಯಲ್ಲಿ ಹೇಳುವ ಮಾತು ಒಂದೇ: “ಪಾಠ ಮಾಡಿ ಮಾಡಿ ಸಾಕಾಗಿದೆ. ಬಿಆರ್‌ಪಿ ಪರೀಕ್ಷೆ ಬರೆದು ಬ್ಲಾಕ್ ಆಫೀಸಿಗೆ ಹೋಗಿಬಿಡ್ತೀನಿ.”

ಈ ಮಾತಿನೊಳಗೆ ಎರಡು ಊಹೆಗಳಿವೆ. ತನ್ನನ್ನು ದಣಿಸುತ್ತಿರುವುದು ಪಾಠ ಎಂಬುದು ಒಂದು. ಬ್ಲಾಕ್ ಸಂಪನ್ಮೂಲ ವ್ಯಕ್ತಿಯ ಕೆಲಸದಲ್ಲಿ ಆ ದಣಿವು ಇರುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸಬಹುದು. ಅದಕ್ಕೆ ಬೇಕಾಗುವುದು ಒಂದು ಸಣ್ಣ ನೋಟ್‌ಬುಕ್, ಮೂರ್ನಾಲ್ಕು ವಾರದ ತಾಳ್ಮೆ, ಮತ್ತು ‘ಪಾಠ’ ಎಂಬ ಒಂದು ಪದದ ಕೆಳಗೆ ಅಡಗಿರುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡುವ ಮನಸ್ಸು. ಅವರ ಒಂದು ದಿನದಲ್ಲಿ ಇರುವುದು ಪಾಠವಷ್ಟೇ ಅಲ್ಲ. ಹತ್ತನೆಯ ತರಗತಿಗೆ ತ್ರಿಕೋನಮಿತಿ ಹೇಳುವುದಿದೆ, ನೋಟ್‌ಬುಕ್ ತಿದ್ದುವುದಿದೆ, ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ ತುಂಬುವುದಿದೆ. ಬಿಸಿಯೂಟದ ಹೊತ್ತಿಗೆ ಸಾಲು ನೋಡಿಕೊಳ್ಳಬೇಕು, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಪೋಷಕರ ಸಭೆ ನಡೆಸಬೇಕು. ಸಂಜೆ ಲೆಕ್ಕ ಬಾರದ ಒಂದಿಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಎಡವುತ್ತಿದ್ದಾರೆ ಎಂದು ಹುಡುಕುವುದೂ ಇದೆ. ಸಂಜೆ ಆರಕ್ಕೆ ಬಸ್ಸಿನಲ್ಲಿ ಕುಳಿತಾಗ ಇವೆಲ್ಲ ಒಂದೇ ಮುದ್ದೆಯಾಗಿ ‘ಪಾಠ’ ಎನಿಸಿಕೊಳ್ಳುತ್ತವೆ.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಒಂದು ಕೆಲಸ ‘ಚೈತನ್ಯ ಕೊಟ್ಟಿತು’, ಇನ್ನೊಂದು ‘ಹೀರಿಕೊಂಡಿತು’ ಎನ್ನುವಾಗ ನಾವು ಅಳೆಯುತ್ತಿರುವುದು ಏನನ್ನು?

ದೇಹದ ಇಂಧನವನ್ನಂತೂ ಅಲ್ಲ. ಮಿದುಳು ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟಿದ್ದರೂ ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ಅದೊಂದೇ ಬಳಸುತ್ತದೆ. ಆದರೆ ಕಠಿಣ ಲೆಕ್ಕ ಮಾಡುವಾಗಲೂ ಸುಮ್ಮನೆ ಕಿಟಕಿಯಾಚೆ ನೋಡುವಾಗಲೂ ಆ ಬಳಕೆ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಗಮನವಿಟ್ಟು ಮಾಡುವ ಕೆಲಸದಿಂದ ಏರುವುದು ತೀರ ಸಣ್ಣ ಪಾಲು. ಆದ್ದರಿಂದ ಸ್ಯಾಟ್ಸ್ ತುಂಬಿಸಿ ಸುಸ್ತಾದ ಶಿಕ್ಷಕಿಯ ಮಿದುಳಿನಲ್ಲಿ ಸಕ್ಕರೆ ಖಾಲಿಯಾಗಿರುವುದಿಲ್ಲ. ಇಚ್ಛಾಶಕ್ತಿ ಎಂಬುದು ಬಳಸಿದಷ್ಟೂ ತೀರುವ ಒಂದು ದಾಸ್ತಾನು ಎಂಬ ಸಿದ್ಧಾಂತವನ್ನು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟರು. ಎಷ್ಟೋ ವರ್ಷ ಅದು ಪಠ್ಯಪುಸ್ತಕಗಳಲ್ಲಿ ರಾರಾಜಿಸಿತು. 2016ರಲ್ಲಿ ಹಲವು ದೇಶಗಳ 23 ಪ್ರಯೋಗಾಲಯಗಳು ಒಂದೇ ವಿಧಾನದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದಾಗ ಆ ಪರಿಣಾಮ ಬಹುತೇಕ ಕಾಣಿಸಲೇ ಇಲ್ಲ.

ಹಾಗೆಂದು ದಣಿವು ಸುಳ್ಳಲ್ಲ. 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಆರು ಗಂಟೆಗೂ ಹೆಚ್ಚು ಕಾಲ ಕೆಲವರಿಗೆ ಕಠಿಣವಾದ, ಕೆಲವರಿಗೆ ಸುಲಭವಾದ ಬೌದ್ಧಿಕ ಕೆಲಸ ಕೊಟ್ಟು, ನಡುನಡುವೆ ಅವರ ಮಿದುಳಿನ ರಾಸಾಯನಿಕಗಳನ್ನು ಸ್ಕ್ಯಾನರಿನಲ್ಲಿ ಅಳೆದರು. ಕಠಿಣ ಕೆಲಸ ಮಾಡಿದವರಲ್ಲಿ ಹಣೆಯ ಹಿಂಬದಿಯ, ನಮ್ಮ ಗಮನವನ್ನು ಹತೋಟಿಯಲ್ಲಿಡುವ ಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚಾಗಿ ಕಂಡಿತು. ದಿನದ ಕೊನೆಗೆ ಅವರು ತಡೆದು ಸಿಗುವ ದೊಡ್ಡ ಬಹುಮಾನಕ್ಕಿಂತ ಈಗಲೇ ಸಿಗುವ, ಶ್ರಮವಿಲ್ಲದ ಬಹುಮಾನವನ್ನು ಹೆಚ್ಚಾಗಿ ಆಯ್ದುಕೊಂಡರು. ಇದು ಇನ್ನೂ ಬೆಳೆಯುತ್ತಿರುವ ವಿಜ್ಞಾನ. ಆದರೂ ಈ ಫಲಿತಾಂಶಕ್ಕೆ ಒಂದು ವಿವರಣೆ ಹೊಂದುತ್ತದೆ. ದಣಿವು ಎಂದರೆ, ಈ ಕೆಲಸವನ್ನು ಹೀಗೇ ಮುಂದುವರಿಸುವುದು ದುಬಾರಿಯಾಗುತ್ತಿದೆ ಎಂದು ಮಿದುಳು ಕೊಡುವ ಸೂಚನೆ. ಅಂದರೆ ನಾವು ಅಳೆಯಬೇಕಾದದ್ದು ಒಂದು ಅನುಭವವನ್ನು, ಮತ್ತು ಅದನ್ನು ಅದು ಇದ್ದ ಹೊತ್ತಿನಲ್ಲೇ ಅಳೆಯಬೇಕು.

ಈ ಅನುಭವಕ್ಕೂ ಎರಡು ಮುಖಗಳಿವೆ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಾಬರ್ಟ್ ಥೇಯರ್ ಇವುಗಳನ್ನು ಬೇರ್ಪಡಿಸಿ ಅಳೆಯುವುದನ್ನು ತಮ್ಮ ವೃತ್ತಿಜೀವನದ ಉದ್ದಕ್ಕೂ ಮಾಡಿದರು. ಒಂದು, ಚೈತನ್ಯದಿಂದ ದಣಿವಿನವರೆಗಿನ ಅಳತೆ. ಇನ್ನೊಂದು, ಬಿಗಿತದಿಂದ ನಿರಾಳದವರೆಗಿನ ಅಳತೆ. ಹೊರನೋಟಕ್ಕೆ ಇವೆರಡೂ ಒಂದೇ ಎನಿಸಬಹುದು, ಆದರೆ ಅಲ್ಲ. ಇನ್‌ಸ್ಪೆಕ್ಷನ್ ದಿನ ಶಿಕ್ಷಕಿ ಚುರುಕಾಗಿರುತ್ತಾರೆ. ಆ ಚುರುಕಿನಲ್ಲಿ ಬಿಗಿತ ಬೆರೆತಿರುತ್ತದೆ. ಒಳ್ಳೆಯ ಲೆಕ್ಕವೊಂದನ್ನು ಬಿಡಿಸಿದಾಗಲೂ ಚುರುಕಾಗಿರುತ್ತಾರೆ, ಆದರೆ ನಿರಾಳವಾಗಿ. 1987ರಲ್ಲಿ ಥೇಯರ್ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನ ಕೆಲವು ದಿನ ಒಂದು ಚಾಕೊಲೇಟ್ ತಿಂದರು, ಕೆಲವು ದಿನ ಹತ್ತು ನಿಮಿಷ ಬಿರುಸಾಗಿ ನಡೆದರು. ನಡೆದ ಮೇಲೆ ಚೈತನ್ಯ ಏರಿ ಬಹಳ ಹೊತ್ತು ನಿಂತಿತು. ಚಾಕೊಲೇಟ್ ತಿಂದಾಗ ಮೊದಲು ಏರಿದ್ದು ಗಂಟೆಯೊಳಗೆ ಇಳಿದು ದಣಿವಾಯಿತು, ಬಿಗಿತವೂ ಹೆಚ್ಚಿತು. ಕೆಲಸ ಮುಗಿದ ಕ್ಷಣದ ಅಂಕಿಯೊಂದೇ ಸಾಲದು, ಸ್ವಲ್ಪ ಹೊತ್ತು ಕಳೆದ ಮೇಲಿನ ಅಂಕಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಅಳೆಯುವುದೇಕೆ, ನಮ್ಮನ್ನೇ ನಾವು ಕೇಳಿಕೊಂಡರೆ ಸಾಲದೇ? ಸಾಲದು. ಷಿಕಾಗೋದ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಮತ್ತು ಜುಡಿತ್ ಲಿಫೆವರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 78 ಉದ್ಯೋಗಿಗಳು ಒಂದು ವಾರ ಪೇಜರ್ ಇಟ್ಟುಕೊಂಡು ಓಡಾಡಿದರು. ಅದು ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಸದ್ದು ಮಾಡಿದಾಗಲೆಲ್ಲ, ಆ ಕ್ಷಣ ಏನು ಮಾಡುತ್ತಿದ್ದೆ, ಹೇಗನಿಸುತ್ತಿತ್ತು ಎಂದು ಬರೆದಿಟ್ಟರು. ಸವಾಲೂ ಸಾಮರ್ಥ್ಯವೂ ಎರಡೂ ಹೆಚ್ಚಾಗಿದ್ದು ಮನಸ್ಸು ಕೆಲಸದಲ್ಲಿ ತಲ್ಲೀನವಾಗಬಲ್ಲ ಕ್ಷಣಗಳು ಉದ್ಯೋಗದ ಹೊತ್ತಿನಲ್ಲಿ ನೂರಕ್ಕೆ 54, ಬಿಡುವಿನ ಹೊತ್ತಿನಲ್ಲಿ ಬರೀ 18. ಆದರೂ ಅದೇ ಜನ, ಉದ್ಯೋಗದಲ್ಲಿದ್ದಾಗ ‘ಬೇರೆ ಏನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು’ ಎಂದು ಹೆಚ್ಚು ಬಾರಿ ಬರೆದಿದ್ದರು. ಕ್ಷಣದ ಅನುಭವ ಒಂದು ಹೇಳುತ್ತಿತ್ತು, ‘ಇದು ಡ್ಯೂಟಿ’ ಎಂಬ ಹಣೆಪಟ್ಟಿ ಇನ್ನೊಂದು ಹೇಳುತ್ತಿತ್ತು. ನೆನಪಿಗೂ ತನ್ನದೇ ವಕ್ರತೆಯಿದೆ. ಒಂದು ಅನುಭವವನ್ನು ಹಿಂದಿರುಗಿ ನೋಡುವಾಗ ನಾವು ಅದರ ತೀವ್ರವಾದ ಕ್ಷಣವನ್ನೂ ಕೊನೆಯ ಕ್ಷಣವನ್ನೂ ಹಿಡಿದು ತೀರ್ಪು ಕೊಡುತ್ತೇವೆ, ಅದು ಎಷ್ಟು ಹೊತ್ತು ನಡೆಯಿತು ಎಂಬುದನ್ನು ಬಹುಮಟ್ಟಿಗೆ ಮರೆಯುತ್ತೇವೆ. ಡೇನಿಯಲ್ ಕಾನಮನ್ ಮತ್ತು ವೈದ್ಯ ಡಾನಲ್ಡ್ ರೆಡಲ್‌ಮೈಯರ್ ಇದನ್ನು 1996ರಲ್ಲಿ ದೊಡ್ಡ ಕರುಳಿನ ಪರೀಕ್ಷೆಗೆ ಒಳಗಾದ ರೋಗಿಗಳಲ್ಲಿ ತೋರಿಸಿದರು. ನಮ್ಮ ಶಿಕ್ಷಕಿಯ ದಿನದ ಕೊನೆಯ ಒಂದು ಗಂಟೆ ಸ್ಯಾಟ್ಸ್ ಆಗಿದ್ದರೆ, ಇಡೀ ದಿನವೇ ಆ ಬಣ್ಣ ಪಡೆದು ಬಸ್ಸು ಹತ್ತುತ್ತದೆ.

ಪೇಜರ್ ವಿಧಾನ ತರಗತಿ ನಡುವೆ ನಡೆಯದು. ಕಾನಮನ್ ಮತ್ತು ನಾಲ್ವರು ಸಂಗಡಿಗರು 2004ರಲ್ಲಿ ಇದಕ್ಕೊಂದು ಬದಲಿ ಕೊಟ್ಟರು. ಟೆಕ್ಸಸ್‌ನ 909 ಉದ್ಯೋಗಸ್ಥ ಮಹಿಳೆಯರು ಹಿಂದಿನ ದಿನವನ್ನು ಸಿನಿಮಾದ ದೃಶ್ಯಗಳ ಹಾಗೆ ಸಾಲಾಗಿ ಬಿಡಿಸಿ, ಪ್ರತಿ ದೃಶ್ಯ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಏನು ಮಾಡುತ್ತಿದ್ದೆ, ಜೊತೆಗೆ ಯಾರಿದ್ದರು ಎಂದು ಬರೆದು, ನಂತರ ಪ್ರತಿಯೊಂದಕ್ಕೂ ಭಾವನೆಗಳ ಅಂಕ ಕೊಟ್ಟರು. ಮೊದಲು ದೃಶ್ಯ, ಆಮೇಲೆ ಅಂಕ ಎಂಬ ಕ್ರಮವೇ ಇದರ ಜೀವಾಳ. ‘ಪ್ರಯಾಣ ಇಷ್ಟವೇ?’ ಎಂದು ಕೇಳದೆ, ‘ನಿನ್ನೆ ಎಂಟೂವರೆಯಿಂದ ಒಂಬತ್ತೂಕಾಲರವರೆಗೆ ಬಸ್ಸಿನಲ್ಲಿ ಹೇಗನಿಸಿತು?’ ಎಂದು ಕೇಳಿದಾಗ ಹಣೆಪಟ್ಟಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಆ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ ನಮಗೆ ಮುಂದೆ ಬೇಕಾಗುತ್ತದೆ. ದಣಿವು ಬೆಳಗಿನಿಂದ ಮಧ್ಯಾಹ್ನದ ಹೊತ್ತಿಗೆ ಇಳಿದು, ಅಲ್ಲಿಂದ ರಾತ್ರಿಯವರೆಗೆ ಏರುತ್ತಲೇ ಹೋಗಿತ್ತು.

ಈಗ ನಮ್ಮ ಶಿಕ್ಷಕಿಯ ನೋಟ್‌ಬುಕ್ಕಿಗೆ ಬರೋಣ. ಪ್ರತಿ ಕೆಲಸಕ್ಕೆ ಒಂದು ಸಾಲು: ಹೊತ್ತು, ಕೆಲಸ, ಜೊತೆಗಿದ್ದವರು, ಶುರುವಿನಲ್ಲಿ ಚೈತನ್ಯ ಎಷ್ಟು, ಮುಗಿದಾಗ ಎಷ್ಟು. ಅಳತೆ ಸೊನ್ನೆಯಿಂದ ಹತ್ತು. ಬಿಗಿತ ಇದ್ದರೆ ಪಕ್ಕದಲ್ಲಿ ಒಂದು ಗುಂಡಿನ ಗುರುತು, ಅಷ್ಟೇ. ಕೆಲಸದ ನಂತರ ಬಿಡುವು ಇದ್ದಾಗ ಮಾತ್ರ, ಮುಕ್ಕಾಲು ಗಂಟೆ ಕಳೆದ ಮೇಲೆ ಇನ್ನೊಂದು ಅಂಕಿ. ಒಂದರ ಹಿಂದೆ ಒಂದು ಪೀರಿಯಡ್ ಇದ್ದಾಗ ಈ ಮೂರನೆಯ ಅಂಕಿ ಬರೆದರೆ ಅದು ಮುಂದಿನ ಕೆಲಸದ ಕಥೆ ಹೇಳುತ್ತದೆ. ಬರೆಯಲು ತಗಲುವುದು ಅರ್ಧ ನಿಮಿಷ. ಅದಕ್ಕಿಂತ ಹೆಚ್ಚು ಕೇಳುವ ನೋಟ್‌ಬುಕ್ ನಾಲ್ಕನೇ ದಿನಕ್ಕೆ ನಿಂತುಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆಲಸದ ಹೆಸರು. ‘ಪಾಠ’ ಎಂದು ಬರೆದರೆ ಈ ನೋಟ್‌ಬುಕ್ ದಂಡ. ‘ಹತ್ತನೇ ತರಗತಿ, ಹೊಸ ವಿಷಯ, ಬೋರ್ಡಿನ ಮೇಲೆ’, ‘ಎಂಟನೇ ತರಗತಿ, ಅಭ್ಯಾಸ ಲೆಕ್ಕ ಮಾಡಿಸುವುದು’, ‘ಒಬ್ಬ ಹುಡುಗನ ಜೊತೆ ಭಿನ್ನರಾಶಿ ತಪ್ಪು ಹುಡುಕುವುದು’, ಹೀಗಿರಬೇಕು. ಕೈ, ಕಣ್ಣು, ಮಾತು ಯಾವುದರ ಮೇಲೆ ಓಡುತ್ತಿತ್ತು, ಎದುರಿಗೆ ಎಷ್ಟು ಜನ ಇದ್ದರು ಎಂಬುದು ಹೆಸರಲ್ಲೇ ತಿಳಿಯಬೇಕು. ಆಗ ಮಾತ್ರ ಇದೇ ತುಣುಕು ಬೇರೊಂದು ಹುದ್ದೆಯಲ್ಲಿ ಇದೆಯೇ ಎಂದು ಹುಡುಕಬಹುದು.

ಎರಡು ವಾರದ ನಂತರ ಶಿಕ್ಷಕಿ ಕೂಡಿಸಿ ಭಾಗಿಸುತ್ತಾರೆ. ಪ್ರತಿ ಸಾಲಿನಲ್ಲಿ ಮುಗಿದಾಗಿನ ಅಂಕಿಯಿಂದ ಶುರುವಿನ ಅಂಕಿ ಕಳೆದರೆ ಏರಿಳಿತ ಸಿಗುತ್ತದೆ. ಹತ್ತನೇ ತರಗತಿಯ ಹೊಸ ವಿಷಯದ ಪಾಠ ಸರಾಸರಿ ಅರ್ಧ ಅಂಕ ಇಳಿಸಿದೆ. ಸ್ಯಾಟ್ಸ್ 2.4 ಇಳಿಸಿದೆ. ನೋಟ್‌ಬುಕ್ ತಿದ್ದುವುದು 0.2 ಇಳಿಸಿದೆ. ಸಂಜೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಪ್ಪು ಹುಡುಕುವುದು ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ: ಸೊನ್ನೆ. ಇಲ್ಲಿಗೆ ನಿಲ್ಲಿಸಿದರೆ ತೀರ್ಮಾನ ಸಿದ್ಧವಿದೆ. ಪಾಠ ದಣಿಸುತ್ತದೆ, ಸ್ಯಾಟ್ಸ್ ಇನ್ನೂ ದಣಿಸುತ್ತದೆ, ಚೈತನ್ಯ ಕೊಡುವುದು ಯಾವುದೂ ಇಲ್ಲ, ಆದ್ದರಿಂದ ಈ ಕೆಲಸ ಬಿಡಬೇಕು. ದಿನಚರಿ ಬರೆದುಕೊಳ್ಳಲು ಹೇಳುವ ಹೆಚ್ಚಿನ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ, ಮತ್ತು ಓದುಗರನ್ನು ದಾರಿ ತಪ್ಪಿಸುವುದೂ ಇಲ್ಲೇ.

ಏಕೆಂದರೆ ದಿನದ ಹೊತ್ತಿಗೂ ಒಂದು ಸೆಳೆತವಿದೆ. ಯಾವ ಕೆಲಸವಾದರೂ ಸರಿ, ಊಟದ ನಂತರದ ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ಸರಾಸರಿ ತೆಗೆದರೆ ಅವರ ಚೈತನ್ಯ ಪ್ರತಿ ಕೆಲಸಕ್ಕೆ 1.2 ಇಳಿದಿದೆ. ಊಟಕ್ಕೆ ಮೊದಲಿನ ಸಾಲುಗಳಲ್ಲಿ 0.2 ಏರಿದೆ. ಮಧ್ಯಾಹ್ನದ ಮಂಪರಿಗೆ ದೇಹದ ಗಡಿಯಾರವೇ ಮುಖ್ಯ ಕಾರಣ. ಊಟ ಬಿಟ್ಟವರಲ್ಲೂ ಅದು ಕಾಣುತ್ತದೆ. ಹೀಗಾಗಿ ಪ್ರತಿ ಕೆಲಸದ ಏರಿಳಿತದಿಂದ ಆ ಹೊತ್ತಿನ ಸರಾಸರಿ ಏರಿಳಿತವನ್ನು ಕಳೆಯಬೇಕು. ಉಳಿಯುವುದು ಕೆಲಸದ ಪಾಲು.

ಹತ್ತನೇ ತರಗತಿ ಅರ್ಧ ದಿನಗಳಲ್ಲಿ ಬೆಳಿಗ್ಗೆ, ಅರ್ಧ ದಿನಗಳಲ್ಲಿ ಮಧ್ಯಾಹ್ನ. ಬೆಳಿಗ್ಗೆ 0.4 ಏರಿತ್ತು, ಹೊತ್ತಿನ 0.2 ಕಳೆದರೆ 0.2 ಏರಿಕೆ. ಮಧ್ಯಾಹ್ನ 1.4 ಇಳಿದಿತ್ತು, ಹೊತ್ತಿನ ಪಾಲು 1.2 ತೆಗೆದರೆ 0.2 ಇಳಿಕೆ. ಎರಡೂ ಸೇರಿ ಸೊನ್ನೆ. ಅಂದರೆ ಹನ್ನೆರಡು ವರ್ಷದಿಂದ ಬೈಸಿಕೊಳ್ಳುತ್ತಿರುವ ಪಾಠ ದಣಿಸುತ್ತಲೇ ಇಲ್ಲ. ಮಧ್ಯಾಹ್ನದ ದಣಿವನ್ನು ಅದರ ತಲೆಗೆ ಕಟ್ಟಲಾಗಿದೆ. ನೋಟ್‌ಬುಕ್ ತಿದ್ದುವುದು ಬೆಳಗಿನ ಬಿಡುವಿನ ಪೀರಿಯಡ್‌ನಲ್ಲಿ ನಡೆಯುತ್ತದೆ, ಆದ್ದರಿಂದ ಅದರ ನಿಜವಾದ ಇಳಿಕೆ 0.4, ಕಂಡದ್ದಕ್ಕಿಂತ ಹೆಚ್ಚು. ಸ್ಯಾಟ್ಸ್ ಪೂರ್ತಿ ಮಧ್ಯಾಹ್ನದ ಕೆಲಸವಾದ್ದರಿಂದ ಅದರ ಪಾಲು 2.4ರಲ್ಲಿ ಅರ್ಧ, 1.2. ಇನ್ನು ಸಂಜೆಯ ಆ ಸೊನ್ನೆ? ಕೆಲಸಗಳು ಸರಾಸರಿ 1.2 ಇಳಿಸುವ ಹೊತ್ತಿನಲ್ಲಿ ಅದು ಇಳಿಸದೆ ಉಳಿಸಿದೆ. ಹೊತ್ತಿನ ಸೆಳೆತ ಕಳೆದರೆ ಅದು 1.2 ಏರಿಕೆ. ಅವರ ಇಡೀ ವಾರದಲ್ಲಿ ಅತಿ ಹೆಚ್ಚು ಚೈತನ್ಯ ಕೊಡುವ ಕೆಲಸ ಅದೇ. ಬರಿಗಣ್ಣಿಗೆ ಅದು ಸೊನ್ನೆಯಾಗಿ ಕಂಡಿತ್ತು.

ಇಂಥ ಅಂಕಿಯನ್ನು ಕಂಡ ಕೂಡಲೇ ಸಂಭ್ರಮಿಸಬಾರದು, ಅನುಮಾನಿಸಬೇಕು. ದಿನದ ಕೊನೆಯಲ್ಲಿ ಚೈತನ್ಯ ಆಗಲೇ ಮೂರು-ನಾಲ್ಕಕ್ಕೆ ಇಳಿದಿರುತ್ತದೆ. ಅಲ್ಲಿಂದ ಇನ್ನೂ ಇಳಿಯಲು ಜಾಗವೇ ಕಡಿಮೆ. ಜೊತೆಗೆ ‘ಇನ್ನೇನು ಮನೆಗೆ ಹೊರಡುವುದು’ ಎಂಬ ಹಗುರವೂ ಸೇರಿರಬಹುದು. ಇದನ್ನು ಬಿಡಿಸಲು ಒಂದೇ ದಾರಿ, ಅದೇ ಕೆಲಸವನ್ನು ಬೇರೆ ಹೊತ್ತಿಗೆ ಒಯ್ದು ನೋಡುವುದು. ಮೂರನೆಯ ವಾರ ಅವರು ಬೆಳಗಿನ ಪ್ರಾರ್ಥನೆಗೆ ಮೊದಲು, ಬೇಗ ಬರುವ ಇಬ್ಬರು ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. 1.1 ಏರಿಕೆ, ಹೊತ್ತಿನ ಪಾಲು ಕಳೆದರೆ 0.9. ಸಂಜೆಯದ್ದಕ್ಕಿಂತ ಸ್ವಲ್ಪ ಕಡಿಮೆ, ಆದರೂ ಸ್ಪಷ್ಟ. ಕೆಲಸವೇ ಚೈತನ್ಯ ಕೊಡುತ್ತಿದೆ ಎಂದು ಈಗ ನಂಬಬಹುದು.

ಸ್ಯಾಟ್ಸನ್ನೂ ಹೀಗೆಯೇ ಬೆಳಗಿನ ಬಿಡುವಿನ ಪೀರಿಯಡ್‌ಗೆ ಒಯ್ದರು, ನೋಟ್‌ಬುಕ್ ತಿದ್ದುವುದನ್ನು ಮಧ್ಯಾಹ್ನಕ್ಕೆ ಇಟ್ಟರು. ಸ್ಯಾಟ್ಸಿನ ಪಾಲಿನ ಇಳಿಕೆ 1.2ರಿಂದ 0.3ಕ್ಕೆ ಬಂತು. ಹೊತ್ತಿನ ಸೆಳೆತವನ್ನು ಮೊದಲೇ ಕಳೆದಿದ್ದರಿಂದ ಈ ವ್ಯತ್ಯಾಸಕ್ಕೆ ಬೇರೆ ಕಾರಣ ಇರಬೇಕು. ‘ಜೊತೆಗಿದ್ದವರು’ ಎಂಬ ಕಾಲಂ ಅದನ್ನು ಹೇಳುತ್ತದೆ. ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕುಳಿತಾಗ ಗೈರುಹಾಜರಾದ ಶಿಕ್ಷಕರ ತರಗತಿ ನೋಡಿಕೊಳ್ಳಲು ಕರೆ ಬರುತ್ತಿತ್ತು, ಅಡುಗೆಯವರು ದಾಸ್ತಾನು ಪುಸ್ತಕಕ್ಕೆ ಸಹಿ ಕೇಳುತ್ತಿದ್ದರು, ಅರ್ಧ ತುಂಬಿದ ಪುಟ ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಯಾರೂ ಕರೆಯುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ಭಾಗ ಮನಸ್ಸಿನಲ್ಲೇ ಅಂಟಿಕೊಂಡು ಮುಂದಿನ ಕೆಲಸವನ್ನೂ ಮಂದ ಮಾಡುತ್ತದೆ ಎಂದು ಸೋಫಿ ಲಿರಾಯ್ 2009ರ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಂದರೆ ಇವರನ್ನು ದಣಿಸುತ್ತಿದ್ದುದು ಮಾಹಿತಿ ತುಂಬುವುದಕ್ಕಿಂತ ಹೆಚ್ಚಾಗಿ ಅದರ ತುಂಡುತುಂಡು ಸ್ವರೂಪ. ಇದು ಹುದ್ದೆ ಬದಲಿಸುವಾಗ ಬಹಳ ಬೆಲೆಯುಳ್ಳ ತಿಳಿವಳಿಕೆ. ‘ನನಗೆ ಕಾಗದಪತ್ರದ ಕೆಲಸ ಆಗದು’ ಎಂದುಕೊಂಡವರು ಅದಿಲ್ಲದ ಹುದ್ದೆ ಹುಡುಕುತ್ತಾರೆ. ‘ನನಗೆ ಅಡ್ಡಿಪಡಿಸುವ ಕರೆಗಳು ಆಗವು’ ಎಂದು ತಿಳಿದವರು ಬೇರೆಯದನ್ನೇ ಹುಡುಕುತ್ತಾರೆ.

ಒಂದು ಎಚ್ಚರಿಕೆ. ಒಂದು ಕೆಲಸ ಐದಾರು ಬಾರಿಯಾದರೂ ದಾಖಲಾಗದೆ ಅದರ ಸರಾಸರಿ ನಂಬಬೇಡಿ. ಅಷ್ಟಿದ್ದರೂ ಅರ್ಧ ಅಂಕಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಈ ಲೆಕ್ಕದಲ್ಲಿ 0.2, 0.4 ಇವೆಲ್ಲ ಸೊನ್ನೆಯ ನೆರೆಹೊರೆ.

ಪೋಷಕರ ಸಭೆಯ ಸಾಲು ಇನ್ನೊಂದು ಬಗೆಯದು. ತಿಂಗಳ ಹಾಳೆಗಳಲ್ಲಿ ಅದು ಎರಡೇ ಬಾರಿ ಬಂದಿದೆ, ಆದ್ದರಿಂದ ಸರಾಸರಿ ಬೇಡ, ಆಕಾರ ನೋಡೋಣ. ಸಭೆಗೆ ಹೋಗುವಾಗ ಐದು, ಮುಗಿದಾಗ ಏಳು, ಪಕ್ಕದಲ್ಲಿ ಬಿಗಿತದ ಗುಂಡು. ಮುಕ್ಕಾಲು ಗಂಟೆ ನಂತರ ಮೂರು. ಥೇಯರ್‌ನ ಚಾಕೊಲೇಟಿನದೇ ನಡೆ. ಮಗಳ ಮದುವೆ ಗೊತ್ತಾಗಿದೆ, ಇನ್ನು ಶಾಲೆ ಬಿಡಿಸುತ್ತೇವೆ ಎನ್ನುವ ತಂದೆಯ ಎದುರು ಸಿಟ್ಟನ್ನು ನುಂಗಿ ನಗುಮುಖದಲ್ಲಿ ಮಾತಾಡುವುದು ಸುಲಭವಲ್ಲ. ಒಳಗಿನ ಭಾವ ಒಂದು, ಮುಖದ ಮೇಲೆ ತಂದುಕೊಳ್ಳುವ ಭಾವ ಇನ್ನೊಂದು ಆಗಬೇಕಾದ ದುಡಿಮೆಯನ್ನು ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಅಧ್ಯಯನದ ಮೂಲಕ ವಿವರಿಸಿದರು. ಹೀಗೆ ಮೇಲ್ಮೈಯಲ್ಲಿ ಮಾತ್ರ ನಟಿಸಬೇಕಾದ ಕೆಲಸಗಳಿಗೂ ಭಾವನಾತ್ಮಕ ಬಳಲಿಕೆಗೂ ನಂಟಿರುವುದು ನಂತರದ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮುಗಿದ ಕ್ಷಣದ ಏಳನ್ನು ಮಾತ್ರ ನೋಡಿದ್ದರೆ, ಈ ಶಿಕ್ಷಕಿಗೆ ಜನರ ಜೊತೆಗಿನ ಸಭೆ-ಸಮಾರಂಭದ ಹುದ್ದೆ ಒಪ್ಪುತ್ತದೆ ಎಂಬ ತಪ್ಪು ಎಣಿಕೆ ಹುಟ್ಟುತ್ತಿತ್ತು.

ಈ ಅಂಕಿಗಳ ನಕ್ಷೆ ಏನನ್ನೂ ಹೇಳದ ಸಂದರ್ಭಗಳೂ ಇವೆ. ಎಲ್ಲ ಕೆಲಸವೂ ಇಳಿಸುತ್ತಿದ್ದರೆ, ಇಷ್ಟದ ಕೆಲಸವೂ, ಭಾನುವಾರವೂ ಇಳಿಸುತ್ತಿದ್ದರೆ, ಅಲ್ಲಿ ಹುದ್ದೆಯ ಪ್ರಶ್ನೆ ಇಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡ್ ಕೊರತೆ, ನಿದ್ದೆಯ ಕೊರತೆ, ಖಿನ್ನತೆ ಇವೆಲ್ಲವೂ ನಕ್ಷೆಯನ್ನು ಹೀಗೆಯೇ ಚಪ್ಪಟೆ ಮಾಡುತ್ತವೆ. ಅಂಥವರು ಕೆಲಸ ಬದಲಿಸಿದರೂ ದಣಿವು ಜೊತೆಗೇ ಬರುತ್ತದೆ. ಹೊಸದಾಗಿ ಕಲಿಯುತ್ತಿರುವ ಕೆಲಸದ ಅಂಕಿಯೂ ಆರಂಭದಲ್ಲಿ ಸುಳ್ಳು ಹೇಳುತ್ತದೆ. ಕೈಗೆ ಹತ್ತುವವರೆಗೆ ಯಾವ ಕೆಲಸವಾದರೂ ದಣಿಸುತ್ತದೆ, ಆದ್ದರಿಂದ ಎರಡು ತಿಂಗಳ ಅಂತರದಲ್ಲಿ ಮತ್ತೆ ಅಳೆಯಬೇಕು. ಇನ್ನು, ದಣಿಸುವುದೆಲ್ಲ ಬಿಡಬೇಕಾದದ್ದೂ ಅಲ್ಲ. ಟೆಕ್ಸಸ್ ಮಹಿಳೆಯರ ಅಂಕಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ನಾವು ಊಹಿಸುವುದಕ್ಕಿಂತ ಕೆಳಗಿತ್ತು. ಆ ತಾಯಂದಿರಿಗೆ ಮಕ್ಕಳು ಬೇಡವೆಂದು ಅದರಿಂದ ಓದಿಕೊಳ್ಳಬೇಕಾಗಿಲ್ಲ.

ಈಗ ಹುದ್ದೆಯ ಪ್ರಶ್ನೆ. ಹುದ್ದೆಯ ಹೆಸರನ್ನು ಕೆಲಸದ ತುಣುಕುಗಳಾಗಿ ಒಡೆಯದೆ ಹೋಲಿಸಲಾಗದು. ಅದಕ್ಕೆ ಸರ್ಕಾರಿ ಸುತ್ತೋಲೆಯ ಕರ್ತವ್ಯಪಟ್ಟಿ ಸಾಲದು. ಆ ಹುದ್ದೆಯಲ್ಲಿ ಈಗ ಇರುವವರ ಬಳಿ ಹೋಗಿ ‘ಕೆಲಸ ಹೇಗಿದೆ?’ ಎಂದು ಕೇಳಿದರೂ ಸಾಲದು, ಏಕೆಂದರೆ ಸಿಗುವುದು ಅವರ ನೆನಪಿನ ತೀರ್ಪು. ‘ಕಳೆದ ಸೋಮವಾರ ಹತ್ತು ಗಂಟೆಗೆ ಎಲ್ಲಿದ್ದಿರಿ, ಆಮೇಲೆ ಏನು ಮಾಡಿದಿರಿ?’ ಎಂದು ವಾರವನ್ನು ದೃಶ್ಯವಾಗಿ ಬಿಡಿಸಿಕೊಳ್ಳಬೇಕು. ಹಾಗೆ ಕೇಳಿದಾಗ ಒಬ್ಬ ಬಿಆರ್‌ಪಿಯ 40 ಗಂಟೆಯ ವಾರ ಹೀಗೆ ಬಿಚ್ಚಿಕೊಂಡಿತು ಎನ್ನೋಣ: ಶಿಕ್ಷಕರಿಗೆ ತರಬೇತಿ 8 ಗಂಟೆ, ಶಾಲೆಗಳಲ್ಲಿ ಒಬ್ಬೊಬ್ಬ ಶಿಕ್ಷಕರ ಜೊತೆ ಕೂತು ಮಾತು 4, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಣೆ 6, ಊರಿಂದೂರಿಗೆ ಓಡಾಟ 8, ಮಾಹಿತಿ ಸಂಗ್ರಹ, ವರದಿ, ಸಭೆ 14.

ನಮ್ಮ ಶಿಕ್ಷಕಿಯ ಈಗಿನ ವಾರ, ಮನೆಗೆ ಒಯ್ಯುವ ಕೆಲಸವೂ ಸೇರಿ 40 ಗಂಟೆ: ತರಗತಿ 18, ತಿದ್ದುವುದು ಮತ್ತು ತಯಾರಿ 8, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ 5, ಸ್ಯಾಟ್ಸ್ ಮತ್ತು ಲೆಕ್ಕಪತ್ರ 5, ಪ್ರಾರ್ಥನೆ, ಬಿಸಿಯೂಟದ ಉಸ್ತುವಾರಿ ಇತ್ಯಾದಿ 2, ಒಬ್ಬೊಬ್ಬರೊಂದಿಗೆ ತಪ್ಪು ಹುಡುಕುವುದು 2.

ಅವರಿಗೆ ಚೈತನ್ಯ ಕೊಡುವ ತುಣುಕು ಒಂದೇ, ಎದುರಿಗೆ ಒಬ್ಬರೋ ಇಬ್ಬರೋ ಕುಳಿತು, ತಿಳಿಯದ ಗಂಟು ಎಲ್ಲಿದೆ ಎಂದು ಬಿಡಿಸುವುದು. ಬಿಆರ್‌ಪಿ ಹುದ್ದೆಯಲ್ಲಿ ಅದು ಎರಡು ಗಂಟೆಯಿಂದ ನಾಲ್ಕಕ್ಕೆ ಏರುತ್ತದೆ. ಆದರೆ ಫೋನ್ ಕರೆಗಳ ನಡುವೆ ತುಂಡಾಗುವ ಮಾಹಿತಿ-ವರದಿಯ ಕೆಲಸ ಐದು ಗಂಟೆಯಿಂದ ಹದಿನಾಲ್ಕಕ್ಕೆ ಏರುತ್ತದೆ. ಓಡಾಟದ ಎಂಟು ಗಂಟೆಗೆ ಅವರ ಬಳಿ ಅಂಕಿಯೇ ಇಲ್ಲ. ಟೆಕ್ಸಸ್ ಅಧ್ಯಯನದಲ್ಲಿ ಬೆಳಗಿನ ಪ್ರಯಾಣ ಪಟ್ಟಿಯ ತೀರ ಕೆಳಗಿತ್ತು ಎಂಬುದಷ್ಟೇ ಸದ್ಯಕ್ಕೆ ಇರುವ ಸುಳಿವು.

ಚೈತನ್ಯ ಕೊಡುವ ಕೆಲಸ ವಾರದಲ್ಲಿ ಎಷ್ಟಿದ್ದರೆ ಸಾಕು? ಇದಕ್ಕೆ ಹತ್ತಿರದ ಉತ್ತರ ವೈದ್ಯರ ಲೋಕದಿಂದ ಬಂದಿದೆ. ಟೇಟ್ ಶಾನಫೆಲ್ಟ್ ಮತ್ತು ಸಂಗಡಿಗರು ಅಮೆರಿಕದ ಒಂದು ದೊಡ್ಡ ಬೋಧನಾ ಆಸ್ಪತ್ರೆಯ 465 ವೈದ್ಯರನ್ನು ಕೇಳಿ 2009ರಲ್ಲಿ ವರದಿ ಮಾಡಿದರು. ರೋಗಿಗಳ ಆರೈಕೆ, ಸಂಶೋಧನೆ, ಬೋಧನೆ, ಆಡಳಿತ ಇವುಗಳಲ್ಲಿ ತಮಗೆ ಅತ್ಯಂತ ಅರ್ಥಪೂರ್ಣ ಎನಿಸುವ ಕೆಲಸಕ್ಕೆ ಸಮಯದ ಐದನೇ ಒಂದು ಪಾಲು, ಅಂದರೆ ವಾರಕ್ಕೆ ಒಂದು ದಿನದಷ್ಟೂ ಸಿಗದವರಲ್ಲಿ ನೂರಕ್ಕೆ 53.8 ಮಂದಿ ವೃತ್ತಿ ಬಳಲಿಕೆಯಲ್ಲಿದ್ದರು. ಅಷ್ಟಾದರೂ ಸಿಕ್ಕವರಲ್ಲಿ ಆ ಪ್ರಮಾಣ 29.9. ಇದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಬಳಲಿದವರಿಗೆ ಯಾವುದೂ ಅರ್ಥಪೂರ್ಣ ಎನಿಸದೆಯೂ ಇರಬಹುದು. ಅರ್ಥಪೂರ್ಣತೆಯೂ ಚೈತನ್ಯವೂ ಒಂದೇ ಅಲ್ಲ. ಇಷ್ಟೆಲ್ಲ ಮಿತಿಯಿದ್ದರೂ ನನಗೆ ಆ ಐದನೇ ಒಂದು ಪಾಲು ಮುಖ್ಯವೆನಿಸುತ್ತದೆ. ವಾರವೆಲ್ಲ ಇಷ್ಟದ ಕೆಲಸವೇ ಆಗಿರಬೇಕೆಂದು ಅದು ಕೇಳುವುದಿಲ್ಲ.

ನಲವತ್ತರಲ್ಲಿ ಐದನೇ ಒಂದು ಪಾಲೆಂದರೆ ಎಂಟು ಗಂಟೆ. ಬಿಆರ್‌ಪಿ ಹುದ್ದೆಯಲ್ಲಿ ಸಿಗುವುದು ನಾಲ್ಕು. ಈಗಿನ ಹುದ್ದೆಯಲ್ಲಿ ಎರಡು. ಆದರೆ ಈಗಿನ ವಾರದಲ್ಲಿ ಬದಲಿಸಬಹುದಾದ ಐದು ಗಂಟೆ ಇದೆ, ಎಸ್ಸೆಸ್ಸೆಲ್ಸಿ ವಿಶೇಷ ತರಗತಿ. ಇಡೀ ತರಗತಿಯನ್ನು ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಬದಲು, ಉಳಿದವರಿಗೆ ಅಭ್ಯಾಸದ ಹಾಳೆ ಕೊಟ್ಟು, ಮೂರು-ನಾಲ್ಕು ಮಕ್ಕಳ ಸಣ್ಣ ಗುಂಪನ್ನು ಸರದಿಯಂತೆ ಹತ್ತಿರ ಕೂರಿಸಿಕೊಂಡರೆ ಆ ಐದು ಗಂಟೆಯ ಬಹುಪಾಲು ಅವರಿಗೆ ಬೇಕಾದ ಕೆಲಸವೇ ಆಗುತ್ತದೆ. ಒಟ್ಟು ಏಳು ಗಂಟೆಯ ಹತ್ತಿರ. ಇದಕ್ಕೆ ಬೇಕಾಗುವುದು ಮುಖ್ಯ ಶಿಕ್ಷಕರ ಒಪ್ಪಿಗೆ, ಮತ್ತು ಸ್ಯಾಟ್ಸಿಗೆ ಯಾರೂ ಕರೆಯದ ಎರಡು ಬೆಳಗಿನ ಪೀರಿಯಡ್. ಮೂರು ಮಕ್ಕಳ ಗುಂಪಿನಲ್ಲಿ ಏರಿಕೆ ಒಬ್ಬರ ಜೊತೆಗಿದ್ದಷ್ಟೇ ಉಳಿಯುತ್ತದೆಯೇ ಎಂಬುದು ಇನ್ನೂ ಅಳೆಯದ ಅಂಕಿ. ಉಳಿಯದಿದ್ದರೆ ಗುಂಪನ್ನು ಇಬ್ಬರಿಗೆ ಇಳಿಸಿ ನೋಡಬೇಕು.

ಅರ್ಜಿ ಹಾಕುವ ಕೊನೆಯ ದಿನಾಂಕಕ್ಕೆ ಸಮಯವಿದ್ದರೆ ಬಿಆರ್‌ಪಿಯವರ ಜೊತೆ ಎರಡು ದಿನ ಶಾಲೆಗಳಿಗೆ ಹೋಗಿ, ಅದೇ ನೋಟ್‌ಬುಕ್ಕಿನಲ್ಲಿ ಅದೇ ಕಾಲಂಗಳನ್ನು ತುಂಬಬಹುದು. ಸಹೋದ್ಯೋಗಿಯೊಬ್ಬರಿಗೆ ಭಿನ್ನರಾಶಿ ಕಲಿಸುವ ಬಗೆ ವಿವರಿಸುವಾಗಲೂ ಆ 1.2 ಬರುತ್ತದೆಯೇ, ಅಥವಾ ಅದು ಮಕ್ಕಳ ಎದುರು ಮಾತ್ರ ಬರುವ ಏರಿಕೆಯೇ? ಬಸ್ಸಿನ ಎಂಟು ಗಂಟೆ ಎಷ್ಟು ಇಳಿಸುತ್ತದೆ? ಈ ಎರಡು ಅಂಕಿ ಸಿಗುವವರೆಗೆ ಅರ್ಜಿ ನಮೂನೆ ಮೇಜಿನ ಡ್ರಾಯರಿನಲ್ಲೇ ಇರಲಿ.